ಮಣಿಚೀಲದಿಂದ ಮಾದರಿ: ಎರಡು ಪೀರಿಯಡ್‌ಗಳ ಒಂದು ಪಾಠ

ಕಾಫಿ ಮಾರುವ ದಿನ ಅಪ್ಪನ ಜೊತೆ ಜೀಪಿನಲ್ಲಿ ಹೋಗಿಬಂದ ಮಕ್ಕಳು ಕೊಡಗಿನ ಯಾವ ತರಗತಿಯಲ್ಲಾದರೂ ನಾಲ್ಕಾರು ಮಂದಿ ಸಿಗುತ್ತಾರೆ. ವ್ಯಾಪಾರಿ ಮೂಟೆಗಳಿಂದ ಒಂದಿಷ್ಟು ಒಣ ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಎಷ್ಟು ಬೇಳೆ ಬಂತೆಂದು ತೂಗಿ, ಆ ಔಟ್‌ಟರ್ನ್ ನೋಡಿಯೇ ಇಡೀ ಲೋಡಿಗೆ ಬೆಲೆ ಹೇಳುವುದನ್ನು ಅವರು ಕಂಡಿರುತ್ತಾರೆ. ಒಂಬತ್ತನೇ ತರಗತಿಯಲ್ಲಿ ಮಾದರಿಯ ಪಾಠವನ್ನು ನಾನು ಇಲ್ಲಿಂದಲೇ ಆರಂಭಿಸುತ್ತೇನೆ: ಆತ ಅದೇ ಮೂಟೆಗಳಿಂದ ಇನ್ನೊಂದು ಸಲ ಚೆರಿ ತೆಗೆದಿದ್ದರೆ ಅದೇ ಅಂಕಿ ಬರುತ್ತಿತ್ತೇ? ಬಾರದಿದ್ದರೆ, ಎಷ್ಟು ಹೆಚ್ಚುಕಡಿಮೆ ಆಗಬಹುದಿತ್ತು? ಈ ಎರಡನೆಯ ಪ್ರಶ್ನೆಗೆ ಮಕ್ಕಳು ತಮ್ಮ ಕೈಯಿಂದಲೇ ಉತ್ತರ ಕಂಡುಕೊಳ್ಳಲಿ ಎಂಬುದಕ್ಕಾಗಿಯೇ ಮಣಿಗಳ ಚೀಲ.

40 ಮಕ್ಕಳ ತರಗತಿಗೆ ಐದು ದಪ್ಪ ಬಟ್ಟೆಯ ಚೀಲಗಳು ಸಾಕು. ಪ್ರತಿಯೊಂದರಲ್ಲೂ 12 ಕೆಂಪು ಮತ್ತು 28 ಬಿಳಿ, ಒಟ್ಟು 40 ಮಣಿಗಳಿರಲಿ. ಅಂದರೆ ಕೆಂಪಿನ ಪಾಲು ಶೇಕಡ 30. ಈ ಸಂಖ್ಯೆಯನ್ನು ಮಕ್ಕಳಿಗೆ ಹೇಳಬಾರದು. ಇಬ್ಬಿಬ್ಬರ ಇಪ್ಪತ್ತು ಜೋಡಿಗಳನ್ನು ಮಾಡಿ, ನಾಲ್ಕು ಜೋಡಿಗೆ ಒಂದು ಚೀಲ ಕೊಡಬೇಕು. ಒಬ್ಬರು ನೋಡದೆ ಒಂದು ಮಣಿ ಎತ್ತುತ್ತಾರೆ, ಇನ್ನೊಬ್ಬರು ಬಣ್ಣ ಬರೆದುಕೊಳ್ಳುತ್ತಾರೆ, ಮಣಿಯನ್ನು ಮತ್ತೆ ಚೀಲಕ್ಕೆ ಹಾಕಿ ಕಲಸುತ್ತಾರೆ. ಹೀಗೆ ಹತ್ತು ಸಲ ಎತ್ತಿದರೆ ಒಂದು ಸುತ್ತು. ನಾಲ್ಕೂ ಜೋಡಿಗಳು ಮುಗಿಸಲು ಏಳೆಂಟು ನಿಮಿಷ ಬೇಕಾಗುತ್ತದೆ. ಆಷಾಢದ ಮಳೆಗೆ ಕರೆಂಟ್ ಹೋಗಿ ತರಗತಿ ಮಂಕಾಗಿದ್ದರೂ ಈ ಪಾಠ ನಿಲ್ಲುವುದಿಲ್ಲ, ಬಣ್ಣ ಗುರುತಿಸುವಷ್ಟು ಬೆಳಕಿದ್ದರೆ ಆಯಿತು.

ಎತ್ತಿದ ಮಣಿಯನ್ನು ಮರಳಿ ಹಾಕುವುದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಕದಿದ್ದರೆ ಚೀಲ ಬರಿದಾಗುತ್ತ ಹೋಗಿ, ನಲವತ್ತನೆಯ ಮಣಿ ಹೊರಬಂದಾಗ ಅದು ಮಾದರಿಯಾಗಿ ಉಳಿಯದೆ ಎಣಿಕೆಯೇ ಆಗಿಬಿಡುತ್ತದೆ. ಮರಳಿ ಹಾಕುತ್ತಿದ್ದರೆ ಚೀಲಕ್ಕೆ ಕೊನೆಯೇ ಇಲ್ಲ. 40 ಮಣಿಗಳ ಚೀಲವೂ, ಅದೇ ಪಾಲಿನಲ್ಲಿ 40 ಲಕ್ಷ ಮಣಿಗಳಿರುವ ಗೋದಾಮೂ ಎತ್ತುವ ಕೈಗೆ ಒಂದೇ ಆಗುತ್ತವೆ.

ಮೊದಲ ಸುತ್ತು ಮುಗಿದ ಮೇಲೆ ಪ್ರತಿ ಜೋಡಿಯವರು ಬೋರ್ಡಿಗೆ ಬಂದು ತಮ್ಮ ಕೆಂಪಿನ ಸಂಖ್ಯೆಯ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಲೆಕ್ಕದ ಪ್ರಕಾರ ಇಪ್ಪತ್ತರಲ್ಲಿ ಸುಮಾರು 14 ಚುಕ್ಕೆಗಳು 2, 3, 4ರ ಮೇಲೆ ಬೀಳಬೇಕು. ಸುಮಾರು ಮೂರು 0 ಅಥವಾ 1ರ ಮೇಲೆ, ಉಳಿದ ಮೂರು 5 ಅಥವಾ ಅದಕ್ಕಿಂತ ಮೇಲೆ. ಪ್ರತಿ ವರ್ಷವೂ ಹೀಗೆಯೇ ಬೀಳುವುದಿಲ್ಲ, ಆದರೆ ನಡುವೆ ಗುಡ್ಡೆ, ಎರಡು ಬದಿಗೆ ಒಂದೆರಡು ಒಂಟಿ ಚುಕ್ಕೆ ಎಂಬ ಆಕಾರ ತಪ್ಪುವುದು ಅಪರೂಪ. ಈ ಹಂತದಲ್ಲಿ ಬೋರ್ಡಿಗಿಂತ ಮಕ್ಕಳ ಮೇಲೆ ಹೆಚ್ಚು ಕಣ್ಣಿಡಬೇಕು. ಒಂದೂ ಕೆಂಪು ಸಿಗದ ಜೋಡಿ "ನಮ್ಮದು ತಪ್ಪಾಯ್ತು ಸರ್, ಇನ್ನೊಂದು ಸಲ ಎತ್ತುತ್ತೇವೆ" ಎನ್ನುತ್ತದೆ. ಒಪ್ಪಲೇಬಾರದು. ಶೇಕಡ 30 ಕೆಂಪಿರುವ ಚೀಲದಿಂದ ಹತ್ತು ಸಲ ಎತ್ತಿ ಒಂದೂ ಕೆಂಪು ಬಾರದಿರುವ ಸಂಭವ ನೂರಕ್ಕೆ ಸುಮಾರು 3; ನಾಲ್ಕು ಸುತ್ತುಗಳ 80 ಮಾದರಿಗಳಲ್ಲಿ ಇಂಥದ್ದು ಒಂದೆರಡಾದರೂ ಬರುವುದೇ ಸಹಜ. ಅವನ್ನು ತೆಗೆದುಹಾಕಿದರೆ ಗುಡ್ಡೆ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ, ಪಾಠವೇ ಸುಳ್ಳು ಹೇಳುತ್ತದೆ.

ಎರಡನೆಯ ಪೀರಿಯಡ್‌ನಲ್ಲಿ ಅದೇ ಜೋಡಿಗಳು ಇನ್ನೂ ಮೂರು ಸುತ್ತು ಎತ್ತಿ, ನಾಲ್ಕನ್ನೂ ಕೂಡಿಸಿ 40ರ ಮಾದರಿ ಮಾಡಿಕೊಳ್ಳುತ್ತಾರೆ. ಕೊನೆಯ ಬೆಂಚಿನ ಒಂದು ಜೋಡಿಗೆ ಬಂದದ್ದು 1, 5, 2, 5. ಪ್ರತಿ ಸುತ್ತಿನ ಕೊನೆಗೆ ಅಲ್ಲಿಯವರೆಗಿನ ಒಟ್ಟು ಪಾಲನ್ನು ಲೆಕ್ಕ ಹಾಕಿದಾಗ ಅದು ಶೇಕಡ 10, 30, ಸುಮಾರು 27, ಕೊನೆಗೆ 32.5 ಆಯಿತು. ಮೊದಲ ಸುತ್ತಿಗೇ ನಿಲ್ಲಿಸಿದ್ದರೆ ಆ ಜೋಡಿ ಕೆಂಪು ಹತ್ತರಲ್ಲಿ ಒಂದು ಎಂದು ಬರೆದುಕೊಡುತ್ತಿತ್ತು.

ಈಗ ಹೊಸ ಇಪ್ಪತ್ತು ಚುಕ್ಕೆಗಳನ್ನು ಹಳೆಯ ಚಿತ್ರದ ಕೆಳಗೆ ಇಡಬೇಕು. ನಾನು ಎರಡು ವರ್ಷ ಎಡವಿದ್ದು ಇಲ್ಲಿಯೇ. ಕೆಂಪಿನ ಸಂಖ್ಯೆಯನ್ನೇ ಗುರುತು ಹಾಕಿಸಿದ್ದೆ. ಹತ್ತರ ಮಾದರಿಗಳು 0ಯಿಂದ 6ರವರೆಗೆ, ನಲವತ್ತರವು 6ರಿಂದ 18ರವರೆಗೆ ಹರಡಿಕೊಂಡು, ಮಾದರಿ ದೊಡ್ಡದಾದಷ್ಟೂ ಗೊಂದಲ ಹೆಚ್ಚು ಎಂದು ಮಕ್ಕಳು ತೀರ್ಮಾನಿಸಿದರು. ಬೋರ್ಡ್ ನೋಡಿದರೆ ಅವರು ಹೇಳಿದ್ದು ಸರಿಯೇ ಇತ್ತು. ಎರಡು ಚಿತ್ರಗಳಿಗೂ ಶೇಕಡವಾರು ಒಂದೇ ಅಳತೆಗೆರೆ ಇದ್ದರೆ ಮಾತ್ರ ನಿಜ ಕಾಣುತ್ತದೆ: 20ರಿಂದ 40ರ ನಡುವೆ ಮೊದಲ ಚಿತ್ರದಲ್ಲಿ ಸುಮಾರು 14 ಚುಕ್ಕೆಗಳಿದ್ದರೆ ಎರಡನೆಯದರಲ್ಲಿ 17 ಅಥವಾ 18 ಇರುತ್ತವೆ. ಮಾದರಿ ನಾಲ್ಕು ಪಟ್ಟಾದಾಗ ಹರವು ಕಾಲು ಭಾಗಕ್ಕೆ ಇಳಿಯುವುದಿಲ್ಲ, ಅರ್ಧಕ್ಕೆ ಮಾತ್ರ ಇಳಿಯುತ್ತದೆ. ನಾಲ್ಕು ಪಟ್ಟು ದುಡಿದು ಅರ್ಧ ಲಾಭವೇ ಎಂದು ಮಕ್ಕಳು ಮುಖ ಸಣ್ಣದು ಮಾಡಿಕೊಂಡರೆ ವಿಷಯ ತಲೆಗೆ ಹೋಗಿದೆ ಎಂದೇ ಅರ್ಥ.

ಹರವಿಗೂ ಪಕ್ಷಪಾತಕ್ಕೂ ಇರುವ ವ್ಯತ್ಯಾಸವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಮೊದಲ ವರ್ಷ ಬಿಳಿ ಮಣಿಗಳನ್ನು ಒಂದು ಕಡೆ, ಕೆಂಪನ್ನು ಇನ್ನೊಂದು ಕಡೆ ಕೊಂಡಿದ್ದೆ. ಕೆಂಪು ಒಂದಿಷ್ಟು ದಪ್ಪಗಿದ್ದದ್ದು ಗಮನಕ್ಕೆ ಬಂದಿರಲಿಲ್ಲ. ಇಪ್ಪತ್ತು ಜೋಡಿಗಳು ಹತ್ತು ಹತ್ತು ಸಲ ಎತ್ತಿದ 200ರಲ್ಲಿ 60ರ ಆಸುಪಾಸು ಕೆಂಪು ಬರಬೇಕಿತ್ತು, ಬಂದದ್ದು 82. ಆರೇಳು ಹೆಚ್ಚುಕಡಿಮೆ ಆಗುವುದು ಸಾಮಾನ್ಯ, ಹದಿಮೂರು ಅಪರೂಪ. ಇಪ್ಪತ್ತೆರಡನ್ನು ಅದೃಷ್ಟದ ಲೆಕ್ಕಕ್ಕೆ ಸೇರಿಸಲಾಗದು. ಚೀಲ ಕುಲುಕಿದಾಗ ದಪ್ಪ ಮಣಿಗಳು ಮೇಲಕ್ಕೆ ಏರುತ್ತವೆ, ಬೆರಳು ಮೊದಲು ತಾಗುವುದೂ ಅವಕ್ಕೇ. ಉಳಿದ ಸುತ್ತುಗಳು ಮುಗಿದಾಗ ಗುಡ್ಡೆ ನಿರೀಕ್ಷೆಯಂತೆ ಕಿರಿದಾಯಿತು, ಆದರೆ ನಿಂತದ್ದು 30ರ ಮೇಲಲ್ಲ, 40ರ ಆಸುಪಾಸಿನಲ್ಲಿ. ಹೆಚ್ಚು ಸಲ ಎತ್ತಿದ್ದರಿಂದ ತಪ್ಪು ಅಳಿಸಿಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು.

ಇದು ಹಳ್ಳಿಯ ಶಾಲೆಯ ಎಡವಟ್ಟು ಮಾತ್ರವಲ್ಲ. ಗುಣಮಟ್ಟ ನಿಯಂತ್ರಣದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ ಶೇಕಡ 20 ಕೆಂಪು ಮಣಿಗಳಿರುವ ಪೆಟ್ಟಿಗೆಯಿಂದ 50 ಗುಳಿಗಳ ಹಲಗೆಯಲ್ಲಿ ಮಣಿ ಎತ್ತಿಸಿ ತೋರಿಸುತ್ತಿದ್ದರು. ಸರಾಸರಿ 10 ಬರಬೇಕಾದಲ್ಲಿ, ಬಹುಕಾಲ ಬಳಸಿದ ಅವರ ಒಂದು ಹಲಗೆಯ ಸರಾಸರಿ 11.3 ಬಂದಿತ್ತು. ಕೈಯಿಂದಲೋ ಹಲಗೆಯಿಂದಲೋ ಕಣ್ಣುಮುಚ್ಚಿ ಎತ್ತಿದ ಮಾತ್ರಕ್ಕೆ ಪ್ರತಿ ಮಣಿಗೂ ಸಮಾನ ಅವಕಾಶ ಸಿಕ್ಕಿತೆಂದು ನಂಬುವಂತಿಲ್ಲ.

ಹಾಗಾಗಿ ಮಣಿಗಳನ್ನು ಒಂದೇ ಗಾತ್ರ, ಒಂದೇ ನುಣುಪಿನವಾಗಿ ಆರಿಸಬೇಕು. ಹಳೆಯ ದಪ್ಪ ಮಣಿಗಳನ್ನು ನಾನು ಎಸೆದಿಲ್ಲ. ಪಾಠದ ಕೊನೆಯಲ್ಲಿ ಅವನ್ನೇ ಹಾಕಿದ ಆರನೆಯ ಚೀಲವೊಂದನ್ನು ಕೊಟ್ಟು, ಇದರಲ್ಲಿಯೂ 40ಕ್ಕೆ 12 ಕೆಂಪು ಎಂದು ಈ ಸಲ ಮೊದಲೇ ತಿಳಿಸಿ, ಎಲ್ಲ ಜೋಡಿಗಳಿಂದಲೂ ಎತ್ತಿಸುತ್ತೇನೆ. ಬಂದ ಅಂಕಿ ಹೇಳಿದ ಅಂಕಿಗೆ ಹೊಂದದಿದ್ದಾಗ ಕೆಲವರು ನಾನು ಸುಳ್ಳು ಹೇಳಿದೆನೆಂದು ಚೀಲ ಸುರಿದು ಎಣಿಸುತ್ತಾರೆ. ಸರಿಯಾಗಿ 12 ಸಿಕ್ಕಿದ ಮೇಲೆಯೇ ಒಬ್ಬರಾದರೂ ಎರಡು ಬಣ್ಣದ ಮಣಿಗಳನ್ನು ಬೆರಳುಗಳ ನಡುವೆ ಉರುಳಿಸಿ ನೋಡುತ್ತಾರೆ.

ಮನೆಗೆಲಸವೂ ಇಲ್ಲಿಂದಲೇ ಬರುತ್ತದೆ. ಮೂಟೆ ಲಾರಿಯಲ್ಲಿ ಕುಲುಕಿ ಬಂದಾಗ ಪುಡಿ, ಚೂರು, ಸಣ್ಣ ಕಾಳು ತಳಕ್ಕೆ ಇಳಿಯುತ್ತವೆ. ಹಾಗಾದರೆ ಮೂಟೆಯ ಬಾಯಿ ಬಿಚ್ಚಿ ಮೇಲಿನಿಂದ ಮಾತ್ರ ತೆಗೆದ ಒಂದು ಬೊಗಸೆ ಚೆರಿ ಯಾರ ಕಡೆಗೆ ವಾಲುತ್ತದೆ, ಮಾರುವವನ ಕಡೆಗೋ ಕೊಳ್ಳುವವನ ಕಡೆಗೋ? ಕಣದಲ್ಲಿ ಹರಡಿದ ಕಾಫಿಯಿಂದ ಹತ್ತು ಹಿಡಿ ತೆಗೆಯಬೇಕಾದರೆ ಎಲ್ಲೆಲ್ಲಿಂದ ತೆಗೆಯಬೇಕೆಂದು ಕಣದ ಚಿತ್ರ ಬರೆದು ಗುರುತು ಹಾಕಿ ತರಲು ಹೇಳುತ್ತೇನೆ.