ಲೋ ಬ್ರೇಕ್ ಆಯ್ತು ಅಂದ್ರೆ ಯಾವ ಲೋ?

ಮಾಟುಂಗದಲ್ಲಿ ನನ್ನ ಹತ್ತಿರ ಕ್ರಿಪ್ಟೊ ಬೆಲೆಯ ಚಾರ್ಟ್ ಓದಲು ಕಲಿಯುವ ಕನ್ನಡದ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು: "ಸರ್, ಲೋ ಬ್ರೇಕ್ ಆಯ್ತು, ಟ್ರೆಂಡ್ ಮುಗೀತಾ?" ಯಾವ ಲೋ ಎಂದು ನಾನು ಮೊದಲು ಕೇಳುತ್ತೇನೆ.

ಏರುವ ಮಾರ್ಕೆಟ್ ಒಂದೇ ಓಟದಲ್ಲಿ ಏರುವುದಿಲ್ಲ. ಏರಿ, ಸ್ವಲ್ಪ ಇಳಿದು, ಮತ್ತೆ ಏರುತ್ತದೆ. ಏರಿ ತಿರುಗಿದ ತುದಿ ಹೈ, ಇಳಿದು ತಿರುಗಿದ ತಳ ಲೋ. ಪ್ರತಿ ಹೈ ಹಿಂದಿನ ಹೈ ದಾಟಬೇಕು, ಪ್ರತಿ ಲೋ ಹಿಂದಿನ ಲೋಗಿಂತ ಮೇಲೆ ನಿಲ್ಲಬೇಕು. ಅಲ್ಲಿಯ ತನಕ ಅಪ್‌ಟ್ರೆಂಡ್. ನಡುವಿನ ಚಿಕ್ಕಪುಟ್ಟ ಲೋಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಲೆ ಯಾವ ಲೋದಿಂದ ಎದ್ದು ಕೊನೆಯ ಹೊಸ ಹೈ ಮಾಡಿತೋ, ಗೆರೆ ಎಳೆಯಬೇಕಾದದ್ದು ಅಲ್ಲಿ.

2021ರ ಬಿಟ್‌ಕಾಯಿನ್ ಡೈಲಿ ಚಾರ್ಟ್ ತೆಗೆದು ನೋಡಿ. ಮಾರ್ಚ್ ಮಧ್ಯದಲ್ಲಿ ಸುಮಾರು 61,800 ಡಾಲರ್ ಹೈ. ಮಾರ್ಚ್ 25ಕ್ಕೆ ಇಳಿದು 50,400ರ ಹತ್ತಿರ ಲೋ. ಅಲ್ಲಿಂದ ಎದ್ದು ಏಪ್ರಿಲ್ 14ಕ್ಕೆ 64,800ರ ಹೊಸ ಹೈ. ಹಾಗಾದರೆ ನಮ್ಮ ಗೆರೆ 50,400, ಅಲ್ವಾ?

ಏಪ್ರಿಲ್ 23ರಂದು ಬೆಲೆ 47,500ರ ತನಕ ಬಿತ್ತು. ಆದರೆ ಆ ದಿನದ ಕ್ಯಾಂಡಲ್ ಕ್ಲೋಸ್ ಆದದ್ದು 51,000ದ ಆಸುಪಾಸಿನಲ್ಲಿ. ಗೆರೆಯ ಕೆಳಗೆ ಉಳಿದದ್ದು ಬರೀ ವಿಕ್, ಅಂದರೆ ಕ್ಯಾಂಡಲ್‌ನ ತೆಳು ಬಾಲ. ಇದನ್ನು ನಾನು ಬ್ರೇಕ್ ಎನ್ನುವುದಿಲ್ಲ. ದಲಾಲ್ ಸ್ಟ್ರೀಟ್‌ನ ಹಾಗೆ ಕ್ರಿಪ್ಟೊಗೆ ಮಧ್ಯಾಹ್ನ 3.30ರ ಗಂಟೆ ಇಲ್ಲ. ಹೆಚ್ಚಿನ ಚಾರ್ಟ್‌ಗಳಲ್ಲಿ ಡೈಲಿ ಕ್ಯಾಂಡಲ್ ಮುಗಿಯುವುದು ನಮ್ಮ ಬೆಳಗಿನ 5.30ಕ್ಕೆ. ಅಲ್ಲಿಯ ತನಕ ಕಾಯಬೇಕು. ಮರುದಿನ ಕ್ಲೋಸ್ ಗೆರೆಗಿಂತ ತುಸು ಕೆಳಗೆ ಬಂತು, 25ಕ್ಕೆ ಇನ್ನೂ ಇಳಿದು 49,000ದ ಹತ್ತಿರ. ಏರಿಕೆಯ ಸ್ಟ್ರಕ್ಚರ್ ಮುರಿದದ್ದು ಆಗ.

ಆಮೇಲೆ ಬೆಲೆ ಕುಸಿಯಲಿಲ್ಲ! ಎರಡು ವಾರ ಏರಿ, ಮೇ 10ರ ಸುಮಾರಿಗೆ 59,500 ಮುಟ್ಟಿತು. ಬ್ರೇಕ್ ಸುಳ್ಳು ಎಂದು ಅನಿಸುವುದು ಇಂಥ ಹೊತ್ತಿನಲ್ಲೇ. ಆದರೆ 64,800 ದಾಟಲಿಲ್ಲ. ಮೊದಲ ಬಾರಿ ಹೈ ಹಿಂದಿನ ಹೈಗಿಂತ ಕೆಳಗೆ ನಿಂತಿತು. ನನ್ನ ಪ್ರಕಾರ, ಬ್ರೇಕ್‌ಗಿಂತ ಜಾಸ್ತಿ ಗಮನ ಕೊಡಬೇಕಾದದ್ದು ಈ ಸೋತ ಏರಿಕೆಗೆ. ಬ್ರೇಕ್ ಆದ ಕೂಡಲೇ ಗಾಬರಿಯಲ್ಲಿ ಮಾರುವ ಬದಲು ಇಂಥ ಏರಿಕೆಯಲ್ಲಿ ಭಾರ ಇಳಿಸಿಕೊಳ್ಳಬಹುದು. ಮೇ ಮಧ್ಯದಲ್ಲಿ ಏಪ್ರಿಲ್ 25ರ ಲೋ, ಅಂದರೆ ಸುಮಾರು 47,000, ಕ್ಲೋಸ್ ಲೆಕ್ಕದಲ್ಲೂ ಹೋಯಿತು. ಮೇ 19ಕ್ಕೆ ಬೆಲೆ 30,000ದ ಬಳಿ ಇತ್ತು.

ಬ್ರೇಕ್ ಆದ ಮೇಲಿನ ಏರಿಕೆ 64,800 ದಾಟಿ ಕ್ಲೋಸ್ ಆಗಿದ್ದರೆ? ಆಗ ಇಳಿಕೆಯ ವಾದ ಬಿಟ್ಟು, ಹೊಸ ಲೋಗೆ ಹೊಸ ಗೆರೆ ಎಳೆಯಬೇಕಿತ್ತು. ಹಾಗೂ ಎಷ್ಟೋ ಸಲ ಆಗುತ್ತದೆ. ಬ್ರೇಕ್ ಆಯ್ತು ಎಂದರೆ ಏರಿಕೆಯ ಕಡೆ ವಾಲಬೇಡಿ ಎಂಬ ಸೂಚನೆ ಅಷ್ಟೆ, ಎಲ್ಲಿಗೆ ಇಳಿಯುತ್ತದೆ ಎಂದು ಅದು ಹೇಳುವುದಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬಿಟ್‌ಕಾಯಿನ್ 69,000ದ ಹತ್ತಿರ ಹೋಯಿತು.

15 ನಿಮಿಷದ ಚಾರ್ಟ್‌ನಲ್ಲಿ ಇಂಥ ಬ್ರೇಕ್ ದಿನಕ್ಕೆ ಹಲವು ಸಿಗುತ್ತವೆ. ಡೈಲಿ ಚಾರ್ಟ್‌ನ ಗೆರೆ ಗಟ್ಟಿಯಿರುವಾಗ ಸುಮ್ನೆ ಅವುಗಳ ಹಿಂದೆ ಓಡಬೇಡಿ. ನಮ್ಮಲ್ಲಿ 2022ರ ಜುಲೈನಿಂದ ಕ್ರಿಪ್ಟೊ ಮಾರಾಟದ ಮೊತ್ತದ ಮೇಲೆ ಶೇ. 1 ಟಿಡಿಎಸ್ ಇದೆ. ಪದೇ ಪದೇ ಮಾರಿದರೆ ಕೈಯಲ್ಲಿರುವ ಬಂಡವಾಳವೇ ಅಲ್ಲಿ ಸಿಕ್ಕಿಕೊಳ್ಳುತ್ತದೆ.