ಜಾಬ್ ಕಾರ್ಡ್ ಫೋಟೋ ಓದುವುದು: ಹಾಕಿದ್ದು ಯಾವುದು, ಹಾಕಿಸಿ ಅಂದದ್ದು ಯಾವುದು

ತೀರ್ಥಹಳ್ಳಿಯಿಂದ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಶಿವಮೊಗ್ಗದಲ್ಲಿ ಕಾರು ಸರ್ವಿಸ್ ಮಾಡಿಸಿದ್ದರ ಜಾಬ್ ಕಾರ್ಡ್, ಅಂದರೆ ಸರ್ವಿಸ್‌ನವರು ಕೆಲಸ, ಖರ್ಚು ಬರೆದುಕೊಡುವ ಹಾಳೆ. ಅದರ ಬೆನ್ನಿಗೇ ಫೋನ್ ಬಂತು.

"ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದೀನಿ ಮಾರಾಯ, ಆದ್ರೂ ಕಿರ್ ಅನ್ನೋದು ನಿಂತಿಲ್ಲ. ಐದೂವರೆ ಸಾವಿರ ಕೊಟ್ಟು ಬಂದಿದೀನಿ. ಏನಿದು, ಸ್ವಲ್ಪ ನೋಡು."

ನಮ್ಮ ಹಾಗೆ ಕಾರು ಸರ್ವಿಸ್ ಕೆಲಸ ಕಲಿಯುತ್ತಿರುವವರಿಗೆ ಈ ಒಂದು ಕಾರ್ಡ್‌ನಲ್ಲೇ ಸಾಕಷ್ಟು ಇದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಫೋಟೋದಲ್ಲಿ ಮೊದಲು ಕಂಡದ್ದು ಸ್ಪೇರ್ ಪಾರ್ಟ್ಸ್ ಸಾಲುಗಳು. ಎಂಜಿನ್ ಆಯಿಲ್ 3.5 ಲೀಟರ್, 1470 ರೂಪಾಯಿ. ಆಯಿಲ್ ಫಿಲ್ಟರ್ 130. ಡ್ರೈನ್ ಪ್ಲಗ್ ವಾಷರ್ 20. ಏರ್ ಫಿಲ್ಟರ್ 350. ಬ್ರೇಕ್ ಕ್ಲೀನರ್ ಸ್ಪ್ರೇ 280. ಅದರ ಕೆಳಗೆ ಲೇಬರ್: ಸರ್ವಿಸ್ 1400, ನಾಲ್ಕೂ ಚಕ್ರದ ಬ್ರೇಕ್ ಕ್ಲೀನಿಂಗ್ 600, ವೀಲ್ ಅಲೈನ್‌ಮೆಂಟ್ 400. ಇನ್ನೂ ಕೆಳಗೆ ಪೆನ್ನಲ್ಲಿ ಬರೆದ ನಾಲ್ಕು ಸಾಲು. ಅದರಲ್ಲಿ ಮೊದಲನೆಯದು ಮುಂದಿನ ಬ್ರೇಕ್ ಪ್ಯಾಡ್. ಪಕ್ಕದಲ್ಲಿ 1900 ಮತ್ತು 500 ಎಂದು ಎರಡು ಅಂಕಿ. ಆ ನಾಲ್ಕು ಸಾಲಿನ ತಲೆಬರಹದ ಮೇಲೆ ಚಿಕ್ಕಪ್ಪನ ಹೆಬ್ಬೆರಳು ಇತ್ತು.

ಗೊಂದಲ ಹುಟ್ಟಿದ್ದು ಅಲ್ಲೇ. ತಲೆಬರಹ ಕಾಣದಿದ್ದರೆ ಎಲ್ಲವೂ ಮಾಡಿದ ಕೆಲಸದ ಹಾಗೇ ಕಾಣುತ್ತದೆ. ಆದರೆ ಫೋಟೋ ಎಷ್ಟೇ ಕೆಟ್ಟದಾಗಿರಲಿ, ಕೂಡಿ ನೋಡಿದರೆ ಗೊತ್ತಾಗುತ್ತದೆ. ಪಾರ್ಟ್ಸ್ ಒಟ್ಟು 2250. ಲೇಬರ್ ಒಟ್ಟು 2400. ಎರಡೂ ಸೇರಿ 4650. ಅದಕ್ಕೆ 18% ಜಿಎಸ್‌ಟಿ 837. ಒಟ್ಟು 5487 ರೂಪಾಯಿ. ಚಿಕ್ಕಪ್ಪ ಕೊಟ್ಟದ್ದು ಸರಿಯಾಗಿ ಅಷ್ಟೇ. ಪ್ಯಾಡ್ ಹಾಕಿದ್ದರೆ ಅದರ 2400 ಮತ್ತು ತೆರಿಗೆ ಸೇರಿ 8319 ಆಗಬೇಕಿತ್ತು. ಅಂದರೆ ಪ್ಯಾಡ್ ಹಾಕಿಲ್ಲ, ಅದಕ್ಕೆ ದುಡ್ಡೂ ತಗೊಂಡಿಲ್ಲ. ಆ ನಾಲ್ಕು ಸಾಲು "ಇವನ್ನು ಮಾಡಿಸಿ" ಅನ್ನುವ ಸಲಹೆ ಮಾತ್ರ. ಇನ್ನೊಂದು ಗುರುತೂ ಇತ್ತು. ಮೇಲಿನ ಪ್ರತಿ ಪಾರ್ಟ್‌ಗೂ ಪಾರ್ಟ್ ನಂಬರ್ ಇದೆ. ಕೆಳಗಿನ ಯಾವುದಕ್ಕೂ ಇಲ್ಲ. ಸ್ಟೋರಿನಿಂದ ಹೊರಬಂದ ಸಾಮಾನಿಗೆ ನಂಬರ್ ಇಲ್ಲದೆ ಇರುವುದಿಲ್ಲ.

ಮಾಲೀಕರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಚಿಕ್ಕಪ್ಪನಿಗೆ ಹೀಗೆ ಹೇಳಿದೆ: "ಮೇಲಿನ ಎಂಟು ಸಾಲಿನ ಕೆಲಸ ಆಗಿದೆ ಚಿಕ್ಕಪ್ಪ, ನೀವು ಕೊಟ್ಟದ್ದು ಅದಕ್ಕೆ. ಕೆಳಗಿನ ನಾಲ್ಕು ಇನ್ನೂ ಆಗಿಲ್ಲ. ಪ್ಯಾಡ್ ಹಳೇದೇ ಇದೆ." ಸರ್ವಿಸ್‌ನವರೂ ಕಾರು ಕೊಡುವಾಗ ಇದನ್ನು ಬಾಯಲ್ಲಿ ಹೇಳಬೇಕಿತ್ತು. ಗಂಟೆಗಟ್ಟಲೆ ಕಾದು ಕೂತವರು ಪೆನ್ನಲ್ಲಿ ಗೀಚಿದ್ದನ್ನೆಲ್ಲ ಓದಲಿ ಅಂದರೆ ಹೇಗೆ, ಅಲ್ವಾ?

ಇನ್ನು ಪ್ಯಾಡ್ ಸಾಲು. ಅದರ ಮುಂದೆ ಒಂದು ಅಂಕಿ, ಆಮೇಲೆ ಮಿ.ಮೀ. ಅಂಕಿ 3 ಇರಬಹುದು, 8 ಕೂಡ ಇರಬಹುದು. ಇಂಥ ಕಡೆ ಊಹೆ ಮಾಡಲೇಬಾರದು. ಹೊಸ ಪ್ಯಾಡ್‌ನ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ. 8 ಆದರೆ ನಿಶ್ಚಿಂತೆ, 3 ಆದರೆ ಬದಲಾಯಿಸುವ ಹೊತ್ತು. ಕಾರ್ಡನ್ನು ಮೇಜಿನ ಮೇಲೆ ಹರವಿ, ಬೆಳಕಲ್ಲಿ ಮತ್ತೊಂದು ಫೋಟೋ ತೆಗೆಯಲು ಹೇಳಿದೆ. ಅದರಲ್ಲಿ 3 ಅಂತ ಸ್ಪಷ್ಟವಾಗಿ ಕಂಡಿತು.

ಇಲ್ಲಿ ಇನ್ನೊಂದು ವಿಷಯ ಇದೆ. ಪ್ಯಾಡ್‌ನ ಬೆನ್ನಿಗೆ ಸುಮಾರು 5 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟ್ ಇರುತ್ತದೆ. ಅದನ್ನೂ ಸೇರಿಸಿ ಅಳೆದರೆ 8 ಬರುತ್ತದೆ, ಬಿಟ್ಟು ಅಳೆದರೆ 3. ಒಂದೇ ಪ್ಯಾಡ್‌ಗೆ ಎರಡೂ ಅಂಕಿ ಬರಬಹುದು! ಹಾಗಾಗಿ ಕಾರ್ಡ್‌ನಲ್ಲಿ 8 ಇದ್ದರೂ "ಪ್ಲೇಟ್ ಬಿಟ್ಟು ಅಳೆದದ್ದಾ?" ಅಂತ ಕೇಳಿಯೇ ಮುಂದೆ ಹೋಗಬೇಕು.

ಅಳತೆಗೆ ಸಾಕ್ಷಿ ಮಾಲೀಕರ ದೂರಿನಲ್ಲೇ ಸಿಗುತ್ತದೆ. ಕಾರ್ಡ್‌ನ ಮೇಲ್ಭಾಗದಲ್ಲಿ "ಬ್ರೇಕ್ ಶಬ್ದ" ಎಂದು ಬರೆದಿತ್ತು. ತುಂಬಾ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಪದರ ಎರಡು ಮೂರು ಮಿ.ಮೀ.ಗೆ ಇಳಿದಾಗ ಅದು ಡಿಸ್ಕ್‌ಗೆ ತಾಗಿ ಕಿರ್ ಎನ್ನುತ್ತದೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರಿನ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ. ಬೆಳಿಗ್ಗೆ ಅದೂ ಶಬ್ದ ಮಾಡುತ್ತದೆ. ಎರಡಕ್ಕೂ ವ್ಯತ್ಯಾಸ ಸುಲಭ. ತುಕ್ಕಿನ ಶಬ್ದ ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಹೋಗುತ್ತದೆ. ಚಿಕ್ಕಪ್ಪನನ್ನು ಕೇಳಿದೆ. ದಿನವಿಡೀ ಇದೆ ಅಂದರು. ಅಳತೆಗೂ ಶಬ್ದಕ್ಕೂ ತಾಳೆ ಆಯಿತು.

ಎರಡನೇ ಸಾಲು ಬ್ರೇಕ್ ಆಯಿಲ್ ಬದಲಾವಣೆ. ಇದನ್ನು ಕೆಲವರು ಸುಮ್ನೆ ದುಡ್ಡಿಗಾಗಿ ಬರೆಯುತ್ತಾರೆ ಅನ್ನುವ ಅನುಮಾನ ಮಾಲೀಕರಿಗೆ ಇರುತ್ತದೆ. ಕಾರಣ ಬಿಡಿಸಿ ಹೇಳಿದರೆ ಅದು ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಚಿಕ್ಕಪ್ಪನ ಮಗಳು ಉಡುಪಿಯಲ್ಲಿದ್ದಾಳೆ. ತಿಂಗಳಿಗೊಮ್ಮೆಯಾದರೂ ಅವರು ಆಗುಂಬೆ ಘಾಟಿ ಇಳಿಯುತ್ತಾರೆ. ಹದಿನಾಲ್ಕು ತಿರುವು, ಒಂದೇ ಸಮನೆ ಇಳಿಜಾರು. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಬಿಸಿ ಏರುತ್ತದೆ, ಆಯಿಲ್‌ನಲ್ಲಿ ಆವಿ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುತ್ತಾರೆ. ಚಿಕ್ಕಪ್ಪನ ಹಳೆಯ ಬಿಲ್‌ಗಳಲ್ಲಿ ಮೂರು ವರ್ಷದಿಂದ ಆ ಸಾಲೇ ಇರಲಿಲ್ಲ. ಹಾಗಾಗಿ ಈ ಸಲಹೆ ನ್ಯಾಯವಾದದ್ದೇ.

ಮೂರನೆಯದು ಎಡಗಡೆ ಲೋಯರ್ ಆರ್ಮ್ ಬುಷ್ ಬಿರುಕು, "ಗಮನಿಸಿ" ಎಂದಿತ್ತು. ಬಿರುಕು ಎಷ್ಟು ಆಳ ಅಂತ ಫೋಟೋ ನೋಡಿ ಹೇಳಲಾಗದು. ಹೊಂಡದಲ್ಲಿ ಟಕ್ ಟಕ್ ಶಬ್ದ ಬಂದರೆ ತೋರಿಸಿ ಅಂದೆ. ನಾಲ್ಕನೆಯದು ಎಸಿ ಕ್ಲೀನಿಂಗ್. ವಾಸನೆ ಇಲ್ಲದಿದ್ದರೆ ಬಿಡಬಹುದು.

ಲೇಬರ್ ಬಗ್ಗೆ ಒಂದು ಮಾತು. ಬ್ರೇಕ್ ಕ್ಲೀನಿಂಗ್‌ಗೆ 600 ಆಗಲೇ ಕೊಟ್ಟಾಗಿದೆ. ಪ್ಯಾಡ್ ಹಾಕಲು ಅದೇ ಚಕ್ರ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಅದೇ ಕ್ಯಾಲಿಪರ್ ಮತ್ತೆ ಬಿಚ್ಚಬೇಕು. ಅದೇ ದಿನ ಹೇಳಿ ಮಾಡಿದ್ದರೆ ಈ ಎರಡನೇ ಬಿಚ್ಚುವಿಕೆ ತಪ್ಪುತ್ತಿತ್ತು. ಆದ್ದರಿಂದ ಪ್ಯಾಡ್ ಹಾಕುವ ಲೇಬರ್ 500ರಲ್ಲಿ ಸ್ವಲ್ಪ ಕಡಿಮೆ ಮಾಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಚಿಕ್ಕಪ್ಪ ಕೇಳಿದರು, ಸರ್ವಿಸ್‌ನವರು 300ಕ್ಕೆ ಒಪ್ಪಿದರು.

ಘಾಟಿ ಇಳಿಯುವ ಮೊದಲೇ ಪ್ಯಾಡ್, ಆಯಿಲ್ ಎರಡೂ ಮಾಡಿಸಿ, ಹಳೇ ಪ್ಯಾಡ್ ಕೇಳಿ ತನ್ನಿ ಅಂದಿದ್ದೆ. ತಂದರು. ಸ್ಕೇಲ್ ಇಟ್ಟು ನೋಡಿದೆ. ಎಡ ಚಕ್ರದ ಹೊರಗಿನ ಪ್ಯಾಡ್ 3 ಮಿ.ಮೀ. ಇತ್ತು, ಒಳಗಿನದು 2ಕ್ಕೂ ಕಡಿಮೆ. ಕಾರ್ಡ್‌ನಲ್ಲಿ ಬರೆದದ್ದು ಹೊರಗಿನದರ ಅಳತೆ ಇರಬೇಕು. ಒಳಗಿನದು ಹೀಗೆ ಜಾಸ್ತಿ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಬಿಗಿ ಹಿಡಿದಿರಬಹುದು. ಪಿನ್ ಹಾಗೇ ಬಿಟ್ಟರೆ ಹೊಸ ಪ್ಯಾಡ್ ಕೂಡ ಹೀಗೇ ಸವೆಯುತ್ತದೆ. ಎರಡನೇ ಜಾಬ್ ಕಾರ್ಡ್ ಫೋಟೋ ತರಿಸಿ ನೋಡಿದೆ. "ಪಿನ್ ಕ್ಲೀನಿಂಗ್, ಗ್ರೀಸ್" ಎಂಬ ಸಾಲು ಅದರಲ್ಲಿತ್ತು.