ಟೆಂಡರ್ ಸಮರಿ ಅಂದರೆ ಏನು?

ಪುಣೆಯ ಕೋಥರೂಡಿನಲ್ಲಿ ನಮ್ಮದು ನಾಲ್ಕು ಜನರ ಸಣ್ಣ ಸರ್ವೆ ಕಂಪನಿ. ಮೂವರು ಕನ್ನಡದವರು, ಒಬ್ಬಳು ಸೊಲ್ಲಾಪುರದ ಹುಡುಗಿ, ಅವಳಿಗೂ ಕನ್ನಡ ಬರುತ್ತದೆ. ಟೆಂಡರ್ ಹಾಕುವ ಕೆಲಸಕ್ಕೇ ಅಂತ ನಮ್ಮಲ್ಲಿ ಬೇರೆ ಯಾರೂ ಇಲ್ಲ. ಹಾಗಾಗಿ 186 ಪುಟದ ಟೆಂಡರ್ ಬಂದರೆ ಒಬ್ಬರು ಕೂತು ಓದಿ ಎರಡು ಪುಟಕ್ಕೆ ಇಳಿಸಬೇಕು. ಆ ಎರಡು ಪುಟಕ್ಕೆ ನಾವು ‘ಸಮರಿ’ ಅನ್ನುತ್ತೇವೆ.

ಹೆಸರು ಸಮರಿ ಆದರೂ ಇದು ಕಥೆಯ ಸಾರಾಂಶದ ಹಾಗಲ್ಲ. ಯಾವ ಊರಿನ ಕೆಲಸ, ಎಷ್ಟು ಕಿಲೋಮೀಟರ್, ಇಲಾಖೆಯ ಆಸೆ ಏನು, ಇದೆಲ್ಲ ಮೊದಲ ಸಲ ನಾನೂ ಚೆನ್ನಾಗಿಯೇ ಬರೆದಿದ್ದೆ. ನಮ್ಮ ಹಿರಿಯರು ಧಾರವಾಡದವರು, ಅದನ್ನು ಓದಿ ಪಕ್ಕಕ್ಕಿಟ್ಟು, “ತಮ್ಮಾ, ಕೆಲಸ ಏನಂತ ಆಮ್ಯಾಲೆ ನೋಡೋಣ, ಮೊದಲು ನಮ್ಮನ್ನ ಎಲ್ಲಿ ಹೊರಗ ಹಾಕ್ತಾರ ಅದನ್ನ ಬರಿ” ಅಂದರು. ಸಮರಿ ಅಂದರೆ ಅದೇ. ಒಳಗೆ ಹೋಗಲು ಯಾರಿಗೆ ಅರ್ಹತೆ, ಯಾವ ಹೊತ್ತಿನೊಳಗೆ, ಏನೇನು ಕೊಡಬೇಕು, ಆಮೇಲೆ ಅಂಕ ಹೇಗೆ ಹಾಕುತ್ತಾರೆ, ಈ ನಾಲ್ಕೇ ವಿಷಯ. ಪ್ರತಿ ಸಾಲಿನ ಪಕ್ಕ ಪುಟದ ನಂಬರ್ ಇರಬೇಕು, ಷರತ್ತಿನ ಮಾತು ಟೆಂಡರಿನಲ್ಲಿ ಇದ್ದ ಹಾಗೇ ಇರಬೇಕು.

ಮಾತನ್ನು ಯಾಕೆ ಬದಲಿಸಬಾರದು ಅಂತ ನನಗೆ ಗೊತ್ತಾಗಿದ್ದು ಅರ್ಹತೆಯ ಸಾಲಿನಲ್ಲಿ. ಕಾಮಗಾರಿ ಟೆಂಡರುಗಳಿಗೆ ಕೇಂದ್ರ ಜಾಗೃತ ಆಯೋಗ 2002ರಲ್ಲಿ ಒಂದು ಮಾದರಿ ಕೊಟ್ಟಿದೆ, ಸೇವೆಯ ಟೆಂಡರಿನವರೂ ಎಷ್ಟೋ ಸಲ ಅದನ್ನೇ ಎತ್ತಿಕೊಂಡಿರುತ್ತಾರೆ. ಕಳೆದ 7 ವರ್ಷದಲ್ಲಿ ಇಂಥದೇ ಕೆಲಸ ಮುಗಿಸಿರಬೇಕು: ಅಂದಾಜು ಮೊತ್ತದ ಕನಿಷ್ಠ 40% ಬೆಲೆಯವು ಮೂರು, ಇಲ್ಲವೇ ಕನಿಷ್ಠ 50%ನವು ಎರಡು, ಇಲ್ಲವೇ ಕನಿಷ್ಠ 80%ನದು ಒಂದು. ನಮ್ಮ ಆ ಟೆಂಡರ್ 24 ಲಕ್ಷದ್ದು. ನಮ್ಮ ಹತ್ತಿರ 20 ಲಕ್ಷದ ಒಂದು ಹಳೇ ಕೆಲಸ ಇತ್ತು. 80% ಅಂದರೆ 19.2 ಲಕ್ಷ, ಆಯ್ತಲ್ಲ ಅಂತ ನಾನು ‘ಅರ್ಹರು’ ಎಂದು ಬರೆದುಬಿಟ್ಟೆ.

ಆದರೆ ‘ಕಳೆದ 7 ವರ್ಷ’ ಅನ್ನುವುದು ಇವತ್ತಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ ಅಲ್ಲ. ಟೆಂಡರ್ ಕರೆದ ತಿಂಗಳಿನ ಹಿಂದಿನ ತಿಂಗಳು ಯಾವ ದಿನಕ್ಕೆ ಮುಗಿಯುತ್ತದೋ ಆ ದಿನಕ್ಕೆ ಏಳು ವರ್ಷ ಮುಗಿಯುತ್ತದೆ. ಟೆಂಡರ್ ಬಂದದ್ದು ಜುಲೈ 2024ರಲ್ಲಿ, ಅಂದರೆ ಲೆಕ್ಕ 1 ಜುಲೈ 2017ರಿಂದ 30 ಜೂನ್ 2024ರವರೆಗೆ. ನಮ್ಮ 20 ಲಕ್ಷದ ಕೆಲಸದ ಸರ್ಟಿಫಿಕೇಟಿನಲ್ಲಿ ಮುಗಿದ ತಾರೀಕು 22 ಜೂನ್ 2017. ಒಂಬತ್ತೇ ದಿನಕ್ಕೆ ಹೋಯಿತು! ಪುಣ್ಯಕ್ಕೆ 13 ಲಕ್ಷದ್ದು ಮತ್ತು 12.5 ಲಕ್ಷದ್ದು ಎರಡು ಕೆಲಸ ಇದ್ದವು, 50% ಅಂದರೆ 12 ಲಕ್ಷ, ಆ ಬಾಗಿಲಿನಿಂದ ಒಳಗೆ ಹೋದೆವು. ಅವತ್ತಿನಿಂದ ಸಮರಿಯಲ್ಲಿ ಮೂರೂ ದಾರಿ ಬರೆಯುತ್ತೇವೆ, ಪ್ರತಿಯೊಂದರ ಎದುರು ನಮ್ಮ ಯಾವ ಸರ್ಟಿಫಿಕೇಟ್, ಅದರಲ್ಲಿ ಯಾವ ತಾರೀಕು ಅಂತಲೂ. ಸುಮ್ನೆ ‘ಅರ್ಹರು’ ಅನ್ನುವ ಪದಕ್ಕೆ ನಮ್ಮಲ್ಲಿ ಈಗ ಜಾಗವಿಲ್ಲ.

ತಾರೀಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಟೆಂಡರಿನಲ್ಲಿ ಮುಂಭಾಗದ ನೋಟೀಸಿನಲ್ಲಿ ಮಧ್ಯಾಹ್ನ 3 ಗಂಟೆ, ಒಳಗೆ ಡೇಟಾ ಶೀಟಿನಲ್ಲಿ 5 ಗಂಟೆ ಅಂತ ಇರುವುದುಂಟು. ಸಮರಿಯಲ್ಲಿ ಎರಡನ್ನೂ ಬರೆಯಿರಿ, ಕೆಲಸ ಮಾತ್ರ ಮೊದಲಿನ ಗಂಟೆಗೆ ಮುಗಿಸಿ. ಕೊನೆಗೆ ನಡೆಯುವುದು ಪೋರ್ಟಲ್‌ನ ಸರ್ವರ್ ಗಡಿಯಾರ, ನಿಮ್ಮ ಲ್ಯಾಪ್‌ಟಾಪಿನದಲ್ಲ. ಇಲ್ಲಿ ತಿದ್ದುಪಡಿಗೆ ‘ಶುದ್ಧಿಪತ್ರಕ’ ಅನ್ನುತ್ತಾರೆ, ಅದು ಬಂದರೆ ಹಳೆಯ ಸಾಲನ್ನು ಅಳಿಸಬೇಡಿ, ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಿರಿ. ಯಾರಾದರೂ ಹಳೇ ಪ್ರಿಂಟ್ ಹಿಡಿದು ಕೂತಿರುತ್ತಾರೆ, ಅಲ್ವಾ?

ಕೊಡಬೇಕಾದ ಕಾಗದಗಳ ಪಟ್ಟಿಯನ್ನು ಲಕೋಟೆಯ ಪ್ರಕಾರ ಬರೆಯಬೇಕು, ತಾಂತ್ರಿಕ ಕಾಗದಗಳಿಗೆ ಒಂದು ಲಕೋಟೆ, ದರಕ್ಕೆ ಇನ್ನೊಂದು. ತಾಂತ್ರಿಕ ಲಕೋಟೆಯಲ್ಲಿ ಅಪ್ಪಿತಪ್ಪಿ ದರ ಕಾಣಿಸಿದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಮಹಾರಾಷ್ಟ್ರ ಸರ್ಕಾರದ ಟೆಂಡರ್ ಪೋರ್ಟಲ್ mahatenders.gov.in ನಲ್ಲಿ ದರದ ಎಕ್ಸೆಲ್ ಶೀಟ್ ಅವರು ಕೊಟ್ಟದ್ದೇ ಆಗಬೇಕು, ನೀವು ಕಾಲಂ ಸೇರಿಸಿ ಚೆಂದ ಮಾಡುವ ಹಾಗಿಲ್ಲ. ಎಲ್ಲ ಅಪ್‌ಲೋಡ್ ಆದ ಮೇಲೂ ಬಿಡ್ ಅನ್ನು ‘ಫ್ರೀಜ್’ ಮಾಡದಿದ್ದರೆ ಅದು ಸಲ್ಲಿಸಿದ ಲೆಕ್ಕಕ್ಕೆ ಬರುವುದಿಲ್ಲ. ಇದೂ ಸಮರಿಯಲ್ಲಿ ಒಂದು ಸಾಲು, ಎದುರಿಗೆ ಒಬ್ಬರ ಹೆಸರು.

ಈಗ ಅಂಕಗಳ ಸಾಲಿಗೆ ಬರೋಣ, ನನ್ನ ಪ್ರಕಾರ ಎಲ್ಲರೂ ಅರ್ಧ ಬರೆದು ಬಿಡುವ ಸಾಲು ಇದು. ಸಮರಿಯಲ್ಲಿ ‘ತಾಂತ್ರಿಕ 70, ದರ 30’ ಅಂತ ಬರೆದು ಮುಂದೆ ಹೋಗುತ್ತಾರೆ. ಅಷ್ಟು ಸಾಲದು, ಸೂತ್ರ ಬೇಕು. ನಮ್ಮ ಟೆಂಡರಿನಲ್ಲಿ ಅದು ಹೀಗಿತ್ತು, S ಅಂದರೆ ಒಟ್ಟು ಅಂಕ, T ತಾಂತ್ರಿಕ ಅಂಕ, F ದರದ ಅಂಕ:

```
S = 0.7 × T + 0.3 × F
F = 100 × (ಅತಿ ಕಡಿಮೆ ದರ ÷ ನಮ್ಮ ದರ)
```

ನಮಗೆ ತಾಂತ್ರಿಕದಲ್ಲಿ 82 ಬರಬಹುದು, ನಮ್ಮ ದರ 20 ಲಕ್ಷ ಅಂದುಕೊಂಡೆವು. ಎದುರಾಳಿಗೆ 74, ಅವರ ದರ 16 ಲಕ್ಷ ಅಂತ ಊಹೆ. ನಮ್ಮ F 80 ಆಗುತ್ತದೆ, ಒಟ್ಟು 57.4 ಮತ್ತು 24 ಸೇರಿ 81.4. ಅವರದು 51.8 ಮತ್ತು 30, ಅಂದರೆ 81.8. ಎಂಟು ಅಂಕ ಮುಂದಿದ್ದೂ ನಾವು ಸೋತೆವು.

ದರ ಇಳಿಸೋಣ ಅಂದರು ಒಬ್ಬರು. ಆಗ ಸಮರಿಯ ಮುಂದಿನ ಸಾಲು ಕೆಲಸಕ್ಕೆ ಬಂತು: ಟೀಮ್ ಲೀಡರಿಗೆ 10 ವರ್ಷದ ಅನುಭವ ಇದ್ದರೆ 8 ಅಂಕ, 12 ವರ್ಷ ಇದ್ದರೆ 10. ನಮ್ಮವರ ಬಯೋಡೇಟಾದಲ್ಲಿ ‘10 ವರ್ಷಕ್ಕೂ ಹೆಚ್ಚು’ ಅಂತಿತ್ತು, ನಿಜವಾಗಿ 12 ತುಂಬಿತ್ತು. ಕೆಲಸದ ತಾರೀಕುಗಳನ್ನು ಬಿಡಿಸಿ ಬರೆದು, ಪತ್ರ ಲಗತ್ತಿಸಿದರೆ 2 ಅಂಕ, ಒಟ್ಟಿನಲ್ಲಿ 1.4. ಅಷ್ಟನ್ನೇ ದರ ಇಳಿಸಿ ಪಡೆಯಬೇಕು ಅಂದರೆ 20 ಲಕ್ಷದಿಂದ 18.9 ಲಕ್ಷಕ್ಕೆ ಬರಬೇಕಿತ್ತು. ಒಂದು ಬಯೋಡೇಟಾದ ಬೆಲೆ 1.1 ಲಕ್ಷ!

ಇನ್ನೊಂದು ಗಂಟು ಉಳಿದಿತ್ತು. ಕೆಲವು ಟೆಂಡರುಗಳಲ್ಲಿ T ಅಂದರೆ ನಮಗೆ ಬಂದ ಅಂಕ ಅಲ್ಲ, ಅತಿ ಹೆಚ್ಚು ಪಡೆದವರಿಗೆ ಹೋಲಿಸಿದ ಅಂಕ. ಎಲ್ಲರಿಗಿಂತ ಮುಂದಿರುವವರಿಗೆ 100, ಉಳಿದವರಿಗೆ ಆ ಪ್ರಮಾಣದಲ್ಲಿ. ಹಾಗೆ ಲೆಕ್ಕ ಹಾಕಿದರೆ ಬಯೋಡೇಟಾ ಮುಟ್ಟದೆಯೇ ನಮ್ಮ 82 ನೂರಾಗುತ್ತದೆ, ಅವರ 74 ಸುಮಾರು 90.2. ನಮಗೆ ಒಟ್ಟು 94, ಅವರಿಗೆ 93.2. ಅದೇ ಅಂಕ, ಅದೇ ದರ, ಗೆದ್ದವರು ಬೇರೆ. ನಮ್ಮ ಟೆಂಡರಿನಲ್ಲಿ 61ನೇ ಪುಟ ಒಂದು ರೀತಿ ಹೇಳುತ್ತಿತ್ತು, 94ನೇ ಪುಟದ ಉದಾಹರಣೆ ಇನ್ನೊಂದು ರೀತಿ. ನಾನು ಸಮರಿಯಲ್ಲಿ ಎರಡೂ ಪುಟ ಬರೆದು ಮುಂದೆ ‘ಕೇಳಬೇಕು’ ಅಂತ ಹಾಕಿದೆ. ಬಿಡ್ ಹಾಕುವ ಮೊದಲು ಪ್ರಶ್ನೆ ಕೇಳಲು ಇಲಾಖೆ ಕರೆಯುವ ಪ್ರಿಬಿಡ್ ಮೀಟಿಂಗಿಗೆ ಮೊದಲೇ ಬರಹದಲ್ಲಿ ಕೇಳಿದೆವು, ಮೀಟಿಂಗಿನಲ್ಲಿ ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರಲಿಲ್ಲ. ಎಂಟು ದಿನಕ್ಕೆ ಶುದ್ಧಿಪತ್ರಕ ಬಂತು: 94ನೇ ಪುಟದ ಉದಾಹರಣೆ ರದ್ದು, ಬಂದ ಅಂಕವೇ T. ಆ ಸಾಲಿಗೆ ಗೆರೆ ಎಳೆದು ಹೊಸದನ್ನು ಬರೆದೆ. ಬಯೋಡೇಟಾ ತಿದ್ದುವ ಕೆಲಸ ಸೊಲ್ಲಾಪುರದ ಹುಡುಗಿಯ ಪಾಲಿಗೆ ಬಂತು.